ಎರಡನೇ ಪುಟದ ಒಂಬತ್ತು ಅಂಕ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ರಾಯಚೂರಿನ ಹೆಣ್ಣುಮಕ್ಕಳ ಡಿಪ್ಲೊಮಾ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ನಮ್ಮ ಮನೆ ಮಾನ್ವಿಯಲ್ಲಿ. ಅಪ್ಪ ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಲೆಕ್ಕ ಕಲಿಸುವವಳಾದರೂ ನನಗೆ ನನ್ನ ಕನ್ನಡದ ಮೇಲೆ ಸ್ವಲ್ಪ ಹೆಚ್ಚೇ ಹೆಮ್ಮೆಯಿತ್ತು. ಆ ಹೆಮ್ಮೆಯಿಂದಲೇ ಈ ಕಥೆ ಶುರುವಾಗುತ್ತದೆ.

ಆ ವರ್ಷ ಪಾಲಕರು ಮೇಲಿಂದ ಮೇಲೆ ಜಗಳಕ್ಕೆ ಬರುತ್ತಿದ್ದರು. ಒಂದೇ ಊರಿನ ಇಬ್ಬರು ಹುಡುಗಿಯರಲ್ಲಿ ಒಬ್ಬಳಿಗೆ ಇಂಟರ್ನಲ್ಲಿನಲ್ಲಿ ಇಪ್ಪತ್ತೆರಡು, ಇನ್ನೊಬ್ಬಳಿಗೆ ಹನ್ನೊಂದು ಬಂದರೆ ಕೇಳದೆ ಇರುತ್ತಾರೆಯೇ? ಗಿಲ್ಲೆಸುಗೂರಿನಿಂದ ಬಂದ ಒಬ್ಬರಂತೂ ಪ್ರಾಂಶುಪಾಲರ ಮೇಜಿನ ಮುಂದೆ ನಿಂತು, "ಇಂಟರ್ನಲ್ ಅಂದ್ರ ಒಳಗಿಂದೊಳಗ ಕೊಡೋ ಮಾರ್ಕ್ಸು ಅಲ್ಲೇನ್ರೀ? ನಿಮಗ ಬೇಕಾದೋರಿಗೆ ಹೆಚ್ಚು, ಬ್ಯಾಡಾದೋರಿಗೆ ಕಡಿಮಿ" ಎಂದರು.

ಅವರು ಹೋದ ಮೇಲೆ ಪ್ರಾಂಶುಪಾಲರು ನನ್ನನ್ನು ಕರೆದರು. "ನೀವು ಪಂಡಿತರ ಮಗಳು. ಈ ಇಂಟರ್ನಲ್ ಮಾರ್ಕ್ಸು ಹೆಂಗ ಬರ್ತಾವ ಅಂತ ಎಲ್ಲಾ ಪಾಲಕರಿಗೂ ತಿಳಿಯೋ ಹಂಗ ಕನ್ನಡದಾಗ ಒಂದು ಪತ್ರ ಬರೀರಿ. ಇನ್ನ ಈ ಗದ್ದಲ ನನಗ ಸಾಕಾಗೇದ."

ನಿಯಮ ಕಷ್ಟದ್ದೇನಲ್ಲ. ಪ್ರತಿ ವಿಷಯಕ್ಕೂ ಇಪ್ಪತ್ತೈದು ಆಂತರಿಕ ಅಂಕ. ಅದರಲ್ಲಿ ಹದಿನೈದು ಕ್ವಿಜ್‌ಗಳಿಂದ, ಹತ್ತು ಅಸೈನ್‌ಮೆಂಟುಗಳಿಂದ. ವರ್ಷಕ್ಕೆ ಮೂರು ಕ್ವಿಜ್, ಒಂದೊಂದಕ್ಕೆ ಹತ್ತು ಅಂಕ. ಮೂರರಲ್ಲಿ ಚೆನ್ನಾಗಿ ಬರೆದ ಎರಡನ್ನು ಮಾತ್ರ ಹಿಡಿಯುವುದು. ಆ ಇಪ್ಪತ್ತನ್ನು ಹದಿನೈದಕ್ಕೆ ಇಳಿಸುವುದು. ಇಳಿಸಿದಾಗ ಅರ್ಧ ಅಂಕವೋ ಅದಕ್ಕಿಂತ ಹೆಚ್ಚೋ ಉಳಿದರೆ ಮುಂದಿನ ಪೂರ್ಣ ಅಂಕ ಕೊಡುವುದು. ಅಸೈನ್‌ಮೆಂಟು ಎರಡು, ಒಂದೊಂದಕ್ಕೆ ಐದು ಅಂಕ. ತಡವಾದರೆ ದಿನಕ್ಕೆ ಒಂದು ಅಂಕ ಕಡಿತ. ಎಲ್ಲ ಕೂಡಿಸಿ ಹತ್ತಕ್ಕಿಂತ ಕಡಿಮೆಯಾದರೆ ಆ ವಿಷಯದ ವಾರ್ಷಿಕ ಪರೀಕ್ಷೆಗೆ ಕೂಡಿಸುವಂತಿಲ್ಲ.

ಇಷ್ಟನ್ನು ನಾನು ಈಗ ಬರೆದ ಹಾಗೆ ಅಂದು ಬರೆದಿದ್ದರೆ ಸಾಕಿತ್ತು. ನಾನು ಬರೆದದ್ದು ಹೀಗಿತ್ತು: "ಮಾನ್ಯ ಪಾಲಕರ ಅವಗಾಹನೆಗೆ ತರಬಯಸುವುದೇನೆಂದರೆ, ಆಂತರಿಕ ಮೌಲ್ಯಮಾಪನವು ವಿದ್ಯಾರ್ಥಿನಿಯರ ನಿರಂತರ ಅಧ್ಯಯನಶೀಲತೆಯ ದ್ಯೋತಕವಾಗಿದ್ದು..." ಒಂದು ಪುಟವಿಡೀ ಇದೇ ಬಗೆಯಲ್ಲಿ ಸಾಗಿತ್ತು. ಕೊನೆಯಲ್ಲಿ ಒಂದು ಉದಾಹರಣೆ ಕೊಟ್ಟರೆ ತಿಳಿದೀತು ಎಂದು ಕಲ್ಪನೆಯ ಹುಡುಗಿಯೊಬ್ಬಳ ಅಂಕಗಳನ್ನು ಬರೆದೆ. ಮೊದಲ ಕ್ವಿಜ್ ನಾಲ್ಕು, ಎರಡನೆಯದಕ್ಕೆ ಗೈರುಹಾಜರು, ಮೂರನೆಯದು ಆರು. ಒಟ್ಟು ಹತ್ತು, ಹದಿನೈದಕ್ಕೆ ಇಳಿಸಿದರೆ ಏಳೂವರೆ, ಅಂದರೆ ಎಂಟು. ಮೊದಲ ಅಸೈನ್‌ಮೆಂಟು ನಾಲ್ಕು ದಿನ ತಡ, ಹಾಗಾಗಿ ಒಂದು ಅಂಕ. ಎರಡನೆಯದನ್ನು ಸಲ್ಲಿಸಿಲ್ಲ. ಒಟ್ಟು ಒಂಬತ್ತು. "ಆದ್ದರಿಂದ ಸದರಿ ವಿದ್ಯಾರ್ಥಿನಿಯು ವಾರ್ಷಿಕ ಪರೀಕ್ಷೆಗೆ ಅನರ್ಹಳು."

ಚೆನ್ನಾಗಿ ಓದುವ ಹುಡುಗಿಯ ಉದಾಹರಣೆಯನ್ನೂ ಕೊಡಬಹುದಿತ್ತು. ಸ್ವಲ್ಪ ಹೆದರಿಸಿದರೆ ಮನೆಯವರು ಮಕ್ಕಳನ್ನು ಕ್ವಿಜ್ ತಪ್ಪಿಸಲು ಬಿಡುವುದಿಲ್ಲ ಎಂದು ನನ್ನ ಲೆಕ್ಕ. ಭಾನುವಾರ ಮಾನ್ವಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿ, "ಶೈಲಿ ಗಂಭೀರವಾಗಿದೆ" ಎಂದರು. ವಾರವಿಡೀ ಆ ಮಾತಿನ ಖುಷಿಯಲ್ಲಿದ್ದೆ.

ಕನ್ನಡದ ಟೈಪ್‌ರೈಟರ್ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಸ್ಟೆನ್ಸಿಲ್ ಮೇಲೆ ನಾನೇ ಕೈಬರಹದಲ್ಲಿ ಕೊರೆದೆ. ಎರಡು ಪುಟವಾಯಿತು. "ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿಯ ಅಂಕಗಳು ಹೀಗಿವೆ ಎಂದು ಭಾವಿಸೋಣ" ಎಂಬ ಸಾಲು ಮೊದಲ ಪುಟದ ತೀರ ಕೆಳಗೆ ಬಂತು, ಅಂಕಗಳೆಲ್ಲ ಎರಡನೆಯ ಪುಟದ ತಲೆಗೆ ಹೋದವು. ಪ್ರತಿಗಳನ್ನು ತೆಗೆಯುವಾಗ ಪುಟದ ಕೆಳಭಾಗಕ್ಕೆ ಶಾಯಿ ಸರಿಯಾಗಿ ಹತ್ತಲಿಲ್ಲ. ನಾನು ನೋಡಿದೆ. ಓದಲು ಬರುತ್ತದೆ ಎಂದುಕೊಂಡು ಬಿಟ್ಟೆ. ಆಫೀಸಿನ ಗುಮಾಸ್ತರು ಶಿಸ್ತಿನ ಮನುಷ್ಯ. ಹಾಳೆಗಳು ಅದಲುಬದಲಾಗಬಾರದೆಂದು ಎರಡೂ ಪುಟಗಳ ಮೇಲೆ ಆಯಾ ಹುಡುಗಿಯ ಹೆಸರು, ನಂಬರು ಬರೆದು ಅಂಚೆಗೆ ಹಾಕಿದರು.

ಆ ವರ್ಷ ನನ್ನ ತರಗತಿಯಲ್ಲಿ ದೇವದುರ್ಗದ ಹುಡುಗಿಯೊಬ್ಬಳಿದ್ದಳು. ಅಪ್ಪ ಗೌಂಡಿ, ಗೋಡೆ ಕಟ್ಟುವ, ಅದಕ್ಕೆ ಸಿಮೆಂಟು ಬಳಿದು ಗಿಲಾಯಿ ಮಾಡುವ ಕೆಲಸ. ಅವರ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳೇ. ಸರಕಾರಿ ಹಾಸ್ಟೆಲಿನಲ್ಲಿ ಇರುತ್ತಿದ್ದಳು. ಕ್ವಿಜ್ ಎಂದರೆ ಅರ್ಧ ಹಾಳೆಯ ಮೇಲೆ ಇಪ್ಪತ್ತು ನಿಮಿಷದ ಪರೀಕ್ಷೆ. ಹನ್ನೆರಡನೆಯ ನಿಮಿಷಕ್ಕೆ ಅವಳು ಹಾಳೆ ಮಗುಚಿ ಇಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದಳು. ಮೊದಲ ಕ್ವಿಜ್‌ನಲ್ಲಿ ಒಂಬತ್ತು, ಎರಡನೆಯದರಲ್ಲಿ ಎಂಟು. ಒಮ್ಮೆ ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಬಂದು ಕೇಳಿದ್ದಳು:

"ಮೇಡಂ, ಮೂರರಾಗ ಚಲೋ ಇದ್ದ ಎರಡೇ ಹಿಡೀತೀರಲ್ರೀ. ಮೂರೂ ಚಲೋ ಬರದೋರಿಗೆ ಇದು ಲುಕ್ಸಾನ ಅಲ್ಲೇನ್ರೀ?"

"ಒಬ್ಬರಿಗೆ ಜ್ವರ ಬಂತು ಅನ್ನು, ಒಂದು ಕ್ವಿಜ್ ತಪ್ಪಿತು. ಅವರಿಗೆ ಅನ್ಯಾಯ ಆಗಬಾರದಲ್ಲ" ಎಂದಿದ್ದೆ.

ಸ್ವಲ್ಪ ಯೋಚಿಸಿ, "ಹಂಗಾದ್ರ ಬರೋಬರಿ ಅದರೀ" ಎಂದು ನಕ್ಕು ಹೋಗಿದ್ದಳು. ಆ ತರಗತಿಯ ನಲವತ್ತು ಹುಡುಗಿಯರಲ್ಲಿ ಈ ಪ್ರಶ್ನೆ ಹೊಳೆದದ್ದು ಅವಳಿಗೊಬ್ಬಳಿಗೇ.

ಪತ್ರಗಳು ಹೋದ ಒಂದು ವಾರಕ್ಕೆ ಅವಳು ಕಾಣದಾದಳು. ಹಾಸ್ಟೆಲಿನವರನ್ನು ಕೇಳಿದಾಗ ಅಪ್ಪ ಬಂದು ಕರಕೊಂಡು ಹೋದರು, ಮನೆಯಲ್ಲಿ ಏನೋ ಜರೂರು ಇದೆಯಂತೆ ಎಂದರು. ಸುಗ್ಗಿ, ಮದುವೆ, ಬಾಣಂತನ ಅಂತ ಹುಡುಗಿಯರು ಊರಿಗೆ ಹೋಗುವುದು ಇದ್ದದ್ದೇ. ಮೂರನೆಯ ಕ್ವಿಜ್ ಆಯಿತು, ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕಿದೆ. ಎರಡನೆಯ ಅಸೈನ್‌ಮೆಂಟಿನ ಕೊನೆಯ ದಿನ ಬಂತು, ಸೊನ್ನೆ ಹಾಕಿದೆ. ಹೀಗೇ ಆರು ವಾರ ಹೋಯಿತು. ಒಂದು ಕಾರ್ಡು ಬರೆಯಬೇಕು ಎಂದು ಎರಡು ಸಲ ಅನ್ನಿಸಿತ್ತು. ಬರೆಯಲಿಲ್ಲ.

ವರ್ಷದ ಕೊನೆಯ ಪಟ್ಟಿ ಮಾಡುವ ದಿನ ಅವಳ ಅಂಕ ಕೂಡಿಸಿದೆ. ಒಂಬತ್ತೂ ಎಂಟೂ ಹದಿನೇಳು, ಹದಿನೈದಕ್ಕೆ ಇಳಿಸಿದರೆ ಹನ್ನೆರಡೂ ಮುಕ್ಕಾಲು, ಅಂದರೆ ಹದಿಮೂರು. ಮೊದಲ ಅಸೈನ್‌ಮೆಂಟು ಐದು. ಒಟ್ಟು ಹದಿನೆಂಟು. ಒಂದು ಕ್ವಿಜ್, ಒಂದು ಅಸೈನ್‌ಮೆಂಟು ತಪ್ಪಿಯೂ ಹದಿನೆಂಟು! ಇವಳು ಆರಾಮಾಗಿ ಪರೀಕ್ಷೆಗೆ ಕೂಡಬಹುದು ಎಂದು ನನಗೆ ಸಂತೋಷವಾಯಿತು. ಅವಳ ಹಾಸ್ಟೆಲಿನ ಗೆಳತಿ ಪಟ್ಟಿ ನೋಡಲು ಬಂದಿದ್ದಳು. "ನಿನ್ನ ಗೆಳತಿಗೆ ಬೇಗ ಬಾ ಅಂತ ಹೇಳು. ಹದಿನೆಂಟು ಬಂದಿದೆ" ಎಂದೆ.

ಹುಡುಗಿ ನನ್ನ ಮುಖವನ್ನೇ ನೋಡಿದಳು. "ಆಕಿನ ಮದುವಿ ಆತಲ್ರೀ ಮೇಡಂ. ಫೇಲು ಅಂತ ನೀವೇ ಕಾಗದ ಕಳಿಸಿದ್ರಲ್ರೀ."

ಮೊದಲು ನನಗೆ ಏನೂ ತಿಳಿಯಲಿಲ್ಲ. ಯಾವ ಕಾಗದ? ಆಮೇಲೆ ಡ್ರಾಯರಿನಲ್ಲಿ ಉಳಿದಿದ್ದ ಒಂದು ಪ್ರತಿ ತೆಗೆದು ಎರಡನೆಯ ಪುಟವನ್ನು, ಅಪರಿಚಿತರು ಓದುವ ಹಾಗೆ, ಮೇಲಿನಿಂದ ಓದಿದೆ. ಹೆಸರು ಬರೆಯುವ ಜಾಗ. ಅದರ ಕೆಳಗೆ ನಾಲ್ಕು, ಗೈರುಹಾಜರು, ಆರು. ಸಲ್ಲಿಸಿಲ್ಲ. ಸದರಿ ವಿದ್ಯಾರ್ಥಿನಿ. ಅನರ್ಹಳು. ಬೇರೆ ಮನೆಗಳಲ್ಲಿ ಮೊದಲ ಪುಟವನ್ನೂ ಓದಿರಬೇಕು, ಇಲ್ಲವೇ ಮಕ್ಕಳ ಮಾತು ಕೇಳಿರಬೇಕು; ಅದಕ್ಕೇ ಯಾರೂ ಕೇಳಿಕೊಂಡು ಬಂದಿರಲಿಲ್ಲ.

ಪ್ರಾಂಶುಪಾಲರ ಬಳಿ ಹೋಗಿ ಎಲ್ಲ ಹೇಳಿದೆ. ಅವರು, "ಪರೀಕ್ಷೆಗೆ ಇನ್ನೂ ತಿಂಗಳದ. ಹಾಜರಿ ಕಡಿಮಿ ಬಿದ್ದದ್ದು ನಾ ಮನ್ನಾ ಮಾಡ್ತೀನಿ. ಹೋಗಿ ಕರಕೊಂಡು ಬರ್ರಿ" ಎಂದರು. ಮರುದಿನ ಬೆಳಿಗ್ಗೆ ಅಂಕಗಳ ರಿಜಿಸ್ಟರು ಚೀಲದಲ್ಲಿಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗೌಂಡಿ ಎರಡು ಓಣಿ ಆಚೆ ಒಂದು ಗೋಡೆಗೆ ಗಿಲಾಯಿ ಮಾಡುತ್ತಿದ್ದರು. ಹೆಂಡತಿ ಹೋಗಿ ಕರೆತಂದಳು. ಮೊಣಕೈವರೆಗೆ ಸಿಮೆಂಟು. ನನ್ನನ್ನು ಕಂಡು ಗಾಬರಿಯಾದರು.

"ಬರ್ರಿ ಅಕ್ಕೋರ, ಕುಂದ್ರಿ. ಈಗ ಮತ್ತೇನು ಬಂತ್ರೀ?"

ನಾನು ನೇರವಾಗಿ ಹೇಳಿದೆ. ನಿಮ್ಮ ಮಗಳು ಫೇಲಾಗಿಲ್ಲ, ಆ ಅಂಕ ಅವಳದಲ್ಲ, ತಪ್ಪು ನನ್ನದು. ಅವರಿಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಗೂಡಿನಿಂದ ಕಾಗದ ತಂದರು. ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು. "ಇಲ್ಲಿ ಆಕಿನ ಹೆಸರು ಅದಲ್ರೀ" ಎಂದು ಬೆರಳಿಟ್ಟು ತೋರಿಸಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಮಗಳ ಹೆಸರಿನ ಆಕಾರ ಮಾತ್ರ ಗುರುತಿತ್ತು. ಅಂದು ಓದಿ ಹೇಳಿದವರು ಸಂತೆ ದಾರಿಯ ಟೇಲರು. ಮೊದಲ ಪುಟದ ನಾಲ್ಕು ಸಾಲು ಓದಿ, ಇದೆಲ್ಲ ಸರಕಾರಿ ಭಾಷೆ, ವಿಷಯ ಮುಂದೈತಿ ಎಂದು ಪುಟ ತಿರುವಿದರಂತೆ. ನಾನು ಮೊದಲ ಪುಟದ ಕೆಳಗೆ ನೋಡಿದೆ. ಉದಾಹರಣೆ ಎಂಬ ಪದ ಇತ್ತು. ಬೆಳಕಿಗೆ ಹಿಡಿದರೆ ಕಾಣುವಷ್ಟು ಇತ್ತು.

ಅಂಗಳದಲ್ಲಿ ಕೂತು, ಇದ್ದಿಲಿನ ತುಂಡಿನಿಂದ ಬಂಡೆಯ ಮೇಲೆ ಬರೆದು, ಬಾಯಿಮಾತಿನಲ್ಲಿ ಅವರಿಗೆ ಎಲ್ಲ ಹೇಳಿದೆ. ಅವರಿಗೆ ಎರಡನೆಯ ಸಲ ಹೇಳುವ ಪ್ರಸಂಗವೇ ಬರಲಿಲ್ಲ.

"ಅಂದ್ರ ಮೂರು ಸಲ ಅಳತಿ ಹಿಡದು, ಚಲೋ ಬಂದ ಎರಡು ಇಟ್ಕೋತೀರಿ."

"ಹೌದು."

"ಇಪ್ಪತ್ತಕ್ಕ ಹದಿನೈದು ಅಂದ್ರ ನಾಕರಾಗ ಮೂರು ಪಾಲು. ನಮ್ಮಾಕಿ ಹದಿನೇಳು ತಗೊಂಡಾಳಂದ್ರ," ಕಣ್ಣು ಮುಚ್ಚಿ ತೆರೆದರು, "ಹನ್ನೆರಡೂ ಮುಕ್ಕಾಲು."

ನನ್ನ ತರಗತಿಯ ಎಷ್ಟೋ ಹುಡುಗಿಯರು ಇದನ್ನು ಕಾಗದದ ಮೇಲೆ ಭಾಗಿಸಿ ನೋಡುತ್ತಿದ್ದರು. ಮಗಳಿಗೆ ಲೆಕ್ಕ ಎಲ್ಲಿಂದ ಬಂತು ಎಂದು ಅಂದು ಗೊತ್ತಾಯಿತು.

"ಇಷ್ಟು ಸಸಾರ ಅದಲ್ರೀ ಅಕ್ಕೋರ," ಎಂದರು ಅವರು. "ಇದನ್ನ ಕಾಗದದಾಗ ಯಾಕ ಹಿಂಗ ಬರೀಲಿಲ್ರೀ?"

ಬೈದಿದ್ದರೆ ತಾಳಬಹುದಿತ್ತು. ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು.

ಆಮೇಲೆ ತಾವೇ ಹೇಳತೊಡಗಿದರು. "ಆಕಿ ಹೇಳಿದ್ಳರೀ. ಹಾಸ್ಟೆಲಿನ ಬಾಗಲದಾಗೇ ಹೇಳಿದ್ಳು. ಯಪ್ಪಾ, ಮೂರನೇ ಕ್ವಿಜ್ಜು ಇನ್ನಾ ಆಗೇ ಇಲ್ಲ, ಅದಕ್ಕ ಆರು ಹೆಂಗ ಬರ್ತಾವು? ಇವು ನನ್ನ ಮಾರ್ಕ್ಸ್ ಅಲ್ಲ, ಮೇಡಂನ್ನ ಕೇಳೋಣ ಬಾ ಅಂದ್ಳು. ನಾ ಏನಂದೆ ಗೊತ್ತೇನ್ರೀ? ಕಾಲೇಜು ಸುಳ್ಳು ಬರೀತದೇನಲೇ, ನೀ ಸುಳ್ಳು ಹೇಳಾಕತ್ತೀದಿ ಅಂದೆ. ಬಸ್ಸಿನಾಗ ಎಲ್ಲಾರ ಮುಂದ ಅಂದೆ. ದಾರಿಯುದ್ದಕ್ಕೂ ಅತ್ತಳು. ದೇವದುರ್ಗ ಬಂದ ಮ್ಯಾಲ ಅಳೋದು ಬಿಟ್ಳು. ಆಮ್ಯಾಲ ಒಂದು ಮಾತು ಆಡ್ಲಿಲ್ಲ."

ಓದು ಬಿಟ್ಟ ಹುಡುಗಿಯನ್ನು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಹಿರಿಯರು ಕೂಡಿ ಮಾತಾಡಿ ಮಾನ್ವಿಗೆ ಕೊಟ್ಟಿದ್ದರು. ಮದುವೆಯಾಗಿ ಹದಿನಾರು ದಿನ.

"ಇನ್ನೂ ಪರೀಕ್ಷೆಗೆ ಕೂಡಬಹುದು" ಎಂದೆ.

ಅವರು ಎದ್ದು ಕೈತೊಳೆದು ರುಮಾಲು ಹೆಗಲಿಗೆ ಹಾಕಿಕೊಂಡರು. "ನಡೀರಿ."

ಸಿರವಾರದ ಮೇಲೆ ಹೋಗುವ ಬಸ್ಸಿನಲ್ಲಿ ಮಾನ್ವಿಗೆ ಹೋದೆವು. ಅವರು ಹಿಂದಿನ ಸೀಟಿನಲ್ಲಿ ಕೂತರು, ಪಕ್ಕದಲ್ಲಿ ಜಾಗವಿದ್ದರೂ ಬರಲಿಲ್ಲ. ಮಾನ್ವಿ ನಾನು ಹುಟ್ಟಿ ಬೆಳೆದ ಊರು. ನಮ್ಮ ಮನೆಯಿಂದ ಆ ಕೇರಿಗೆ ಹತ್ತು ನಿಮಿಷದ ದಾರಿ. ಇಪ್ಪತ್ತೇಳು ವರ್ಷದಲ್ಲಿ ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಗೌಂಡಿ ಮುಂದೆ, ನಾನು ಹಿಂದೆ. ನಮ್ಮ ಓಣಿಯ ಒಬ್ಬರು ಎದುರಿಗೆ ಬಂದು, ನನ್ನನ್ನು ನೋಡಿ, ಏನೂ ಕೇಳದೆ ಹೋದರು.

ಅವಳು ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಹೊಸ ಸೀರೆ, ಕೈತುಂಬ ಹಸಿರು ಬಳೆ. ನನ್ನನ್ನು ಕಂಡು ಎದ್ದು ನಿಂತಳು, ತರಗತಿಯಲ್ಲಿ ಏಳುವ ಹಾಗೆಯೇ. ಅಪ್ಪನ ಕಡೆಗೆ ನೋಡಲಿಲ್ಲ. ಅತ್ತೆ ಚಾಪೆ ಹಾಸಿ, ನೀರು ತಂದುಕೊಡಲು ಹಿಂದೆಮುಂದೆ ನೋಡುತ್ತಿದ್ದಳು. ನಾನು ಕೇಳಿ ಇಸಿದುಕೊಂಡು ಕುಡಿದೆ. ಗಂಡ ಸೈಕಲ್ ರಿಪೇರಿ ಅಂಗಡಿಯಲ್ಲಿದ್ದ.

ವಿಷಯ ಕೇಳಿ ಅತ್ತೆಯೇ ಮೊದಲು ಮಾತಾಡಿದಳು. "ಒಂದು ತಿಂಗಳ ಮಾತಲ್ರೀ, ಹೋಗಿ ಬರದು ಬರ್ಲಿ. ನನ್ನ ಮಗ ಬ್ಯಾಡ ಅನ್ನಂಗಿಲ್ಲ. ನಮ್ದೇನು ತಕರಾರಿಲ್ಲ." ಆ ಕ್ಷಣ ಎಲ್ಲ ಸರಿಹೋಯಿತು ಎಂದೇ ನಂಬಿದೆ.

ಹುಡುಗಿ, "ರಿಜಿಸ್ಟರ್ ತಂದೀರೇನ್ರೀ ಮೇಡಂ?" ಎಂದಳು. ತೆಗೆದುಕೊಟ್ಟೆ. ತನ್ನ ಹೆಸರಿನ ಸಾಲಿನ ಮೇಲೆ ಬೆರಳಾಡಿಸಿದಳು. ಒಂಬತ್ತು, ಎಂಟು, ಗೈರು. ಐದು, ಸೊನ್ನೆ. ಸೊನ್ನೆಯ ಮೇಲೆ ಬೆರಳು ನಿಂತಿತು.

"ಎರಡನೇ ಅಸೈನ್‌ಮೆಂಟು ನಾ ಕೊಟ್ಟಿದ್ದೆನಲ್ರೀ. ಯಪ್ಪ ಬಂದ ದಿನಾನೇ ಮುಂಜಾನಿ ಬಂದು ನಿಮ್ಮ ಟೇಬಲ್ ಮ್ಯಾಲ ಇಟ್ಟಿದ್ದೆ. ಇನ್ನಾ ಹತ್ತು ದಿನ ಟೈಮ್ ಇತ್ತು."

ನನಗೆ ನೆನಪಾಗಲಿಲ್ಲ. "ನೋಡುತ್ತೇನೆ, ಇದ್ದರೆ ಖಂಡಿತ ತಿದ್ದುತ್ತೇನೆ" ಎಂದೆ.

ಅವಳು ರಿಜಿಸ್ಟರು ಮುಚ್ಚಿ ನನ್ನ ಕೈಗೆ ಕೊಟ್ಟಳು. "ಬ್ಯಾಡ್ರೀ ಮೇಡಂ. ನಾ ಬರಂಗಿಲ್ಲ."

"ಯಾಕಮ್ಮಾ? ಎಲ್ಲಾರೂ ಒಪ್ಪಿದಾರಲ್ಲ."

"ನಾ ಬಾಯಿಲೆ ಹೇಳಿದಾಗ ಯಾರೂ ಕೇಳ್ಲಿಲ್ರೀ. ಕಾಗದ ಹೇಳ್ತು ಅಂತ ಕರಕೊಂಡು ಹೋದ್ರು. ಈಗ ರಿಜಿಸ್ಟರ್ ಹೇಳ್ತದ ಅಂತ ನಾ ವಾಪಸ್ ಬರಬೇಕೇನ್ರೀ? ನಾಳಿ ಇನ್ನೊಂದು ಕಾಗದ ಬಂದ್ರ?"

ಗೌಂಡಿ ಹೊಸ್ತಿಲ ಹೊರಗೆ ನಿಂತಿದ್ದರು. "ತಪ್ಪಾತವ್ವಾ," ಎಂದರು. "ನನ್ನದು ತಪ್ಪಾತು. ಬಾ ನನ್ನವ್ವಾ, ಬರೆದು ಬಾ."

ಅವಳು ಮತ್ತೆ ಕೂತು ಮೊರ ಕೈಗೆತ್ತಿಕೊಂಡಳು. ಮೊರ ವಾಲಿ ಅಕ್ಕಿ ನೆಲದ ಮೇಲೆ ಚೆಲ್ಲಿತು. ಅತ್ತೆ ಬಾಗಿ ಒಂದೊಂದೇ ಆರಿಸತೊಡಗಿದಳು. ನಾನು ಇನ್ನೂ ಏನೇನೋ ಹೇಳಿದೆ. ಭವಿಷ್ಯ, ನೌಕರಿ, ಇನ್ನೊಮ್ಮೆ ಯೋಚಿಸು ಎಂದೆಲ್ಲ. ಎಲ್ಲ ನನ್ನ ಪತ್ರದ ಮೊದಲ ಪುಟದ ಹಾಗೆಯೇ ಕೇಳಿಸುತ್ತಿತ್ತು. ಆಮೇಲೆ ರಿಜಿಸ್ಟರು ಚೀಲಕ್ಕೆ ಹಾಕಿಕೊಂಡು ಎದ್ದೆ.

ಅಂದು ಸಂಜೆ ಅಪ್ಪನ ಮನೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಗೌಂಡಿಯವರು ದೇವದುರ್ಗದ ಬಸ್ಸಿಗೆ ಕಾಯುತ್ತ ನಿಂತರು, ನಾನು ರಾಯಚೂರಿನ ಬಸ್ಸಿಗೆ. ನನ್ನ ಬಸ್ಸು ಮೊದಲು ಬಂತು. ನಾನು ಹತ್ತುವಾಗ ಅವರು ಕೈಮುಗಿದರು. ಆ ನಮಸ್ಕಾರವನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಮರುದಿನ ಕಾಲೇಜಿನಲ್ಲಿ ನನ್ನ ಕಪಾಟು ಪೂರ್ತಿ ಕೆಳಗಿಳಿಸಿದೆ. ಬೇರೆ ತರಗತಿಯ ಕ್ವಿಜ್ ಹಾಳೆಗಳ ಕಟ್ಟಿನೊಳಗೆ ಅವಳ ಅಸೈನ್‌ಮೆಂಟು ಸಿಕ್ಕಿತು. ಹತ್ತು ವರ್ಷಗಳ ಮಳೆಯ ಅಂಕಿಗಳಿಗೆ ಸರಾಸರಿ ತೆಗೆದು ನಕ್ಷೆ ಬರೆಯುವುದು. ನಕ್ಷೆಯ ಗೆರೆಗಳನ್ನು ಎರಡು ಬಣ್ಣದ ಪೆನ್ಸಿಲಿನಲ್ಲಿ ಎಳೆದಿದ್ದಳು. ಒಂದು ಕಡೆ ಕೂಡುವಲ್ಲಿ ತಪ್ಪಿದ್ದಳು. ಕೂತು ತಿದ್ದಿದೆ, ಐದಕ್ಕೆ ನಾಲ್ಕು ಕೊಟ್ಟೆ. ರಿಜಿಸ್ಟರಿನಲ್ಲಿ ಸೊನ್ನೆಯನ್ನು ಹೊಡೆದುಹಾಕಿ ನಾಲ್ಕು ಬರೆದು, ಹದಿನೆಂಟನ್ನು ಇಪ್ಪತ್ತೆರಡು ಮಾಡಿ ಸಹಿ ಹಾಕಿದೆ. ಗುಮಾಸ್ತರು ನೋಡಿ, "ಈ ಹುಡುಗಿ ಬಿಟ್ಟು ಹೋಗ್ಯಾಳಲ್ರೀ, ಪಟ್ಟಿಯಿಂದ ಹೆಸರೇ ತೆಗೀಬೇಕು" ಎಂದರು. ಹೌದು ಎಂದೆ. ಕೆಂಪು ಶಾಯಿಯಿಂದ ಅವರು ಆ ಸಾಲಿನ ಮೇಲೆ ಗೆರೆ ಎಳೆದರು.

ಮುಂದಿನ ವರ್ಷದಿಂದ ಪತ್ರವನ್ನು ಒಂದೇ ಪುಟದಲ್ಲಿ ಬರೆಯತೊಡಗಿದೆ, ಮಾತಾಡುವ ಕನ್ನಡದಲ್ಲಿ, ಉದಾಹರಣೆಯಿಲ್ಲದೆ. ಅಂಚೆಗೆ ಹಾಕುವ ಮೊದಲು ಕಾಲೇಜಿನ ಜವಾನನಿಗೆ ಓದಿ ಹೇಳಿ, ಅವನಿಗೆ ಏನು ತಿಳಿಯಿತು ಎಂದು ಕೇಳುತ್ತಿದ್ದೆ. ಅಪ್ಪನಿಗೆ ತೋರಿಸುವುದು ಬಿಟ್ಟೆ. ಯಾಕೆ ತೋರಿಸುವುದಿಲ್ಲ ಎಂದು ಅವರು ಒಮ್ಮೆ ಕೇಳಿದರು. ಹೇಳಿದೆ. ಶೈಲಿ ಗಂಭೀರವಾಗಿದೆ ಎಂದಿದ್ದ ತಮ್ಮ ಮಾತನ್ನು ನೆನಪಿಸಿಕೊಂಡರೋ ಏನೋ, ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾಲ್ಕು ವರ್ಷದ ನಂತರ ಗೌಂಡಿಯವರು ಎರಡನೆಯ ಮಗಳನ್ನು ನಮ್ಮ ಕಾಲೇಜಿಗೆ ಸೇರಿಸಲು ಬಂದರು. ಗಡ್ಡ ಬೆಳ್ಳಗಾಗಿತ್ತು. ಫಾರ್ಮಿಗೆ ಹೆಬ್ಬೆಟ್ಟು ಒತ್ತಿದ ಮೇಲೆ ನನ್ನ ಬಳಿ ಬಂದರು.

"ಅಕ್ಕೋರ, ನಮ್ಮ ಮನಿಗೆ ಕಾಗದ ಮಾತ್ರ ಹಾಕಬ್ಯಾಡ್ರಿ. ಕ್ವಿಜ್ಜು ಆದ ಮ್ಯಾಲ ನಾನೇ ಬರ್ತೀನಿ. ಬಾಯಿಲೆ ಹೇಳ್ರಿ. ಆಕಿನೂ ಮುಂದ ಕುಂತಿರ್ಲಿ."

ಹಾಗೆಯೇ ಬಂದರು. ಪ್ರತಿ ಕ್ವಿಜ್ ಆದ ಮೇಲೆ, ಕೆಲಸ ಬಿಟ್ಟು, ದೇವದುರ್ಗದಿಂದ ಬಸ್ಸಿನಲ್ಲಿ. ಸ್ಟಾಫ್‌ರೂಮಿನ ಹೊರಗಿನ ಬೆಂಚಿನ ಮೇಲೆ ಅಪ್ಪ ಮಗಳು ಕೂತಿರುತ್ತಿದ್ದರು. ನಾನು ಅಂಕ ಹೇಳುತ್ತಿದ್ದೆ. ಅವರು ಮೊದಲು ಮಗಳ ಕಡೆ ತಿರುಗಿ, "ಖರೇನೇನವ್ವಾ?" ಎಂದು ಕೇಳುತ್ತಿದ್ದರು. ಅವಳು ಹೌದು ಎಂದ ಮೇಲೆಯೇ ತಲೆಯಾಡಿಸುತ್ತಿದ್ದರು.

ಒಂದು ದಿನ ಧೈರ್ಯ ಮಾಡಿ ದೊಡ್ಡವಳ ಬಗ್ಗೆ ಕೇಳಿದೆ.

"ಚಲೋ ಇದ್ದಾಳ್ರೀ. ಎರಡು ಮಕ್ಕಳು. ಗಂಡನ ಅಂಗಡಿ ಲೆಕ್ಕ ಎಲ್ಲಾ ಆಕಿನೇ ನೋಡ್ತಾಳ." ರುಮಾಲಿನಿಂದ ಮುಖ ಒರೆಸಿಕೊಂಡರು. "ನಾ ಹೋದ್ರ ನೀರು ಕೊಡ್ತಾಳ, ಉಣ್ಣಾಕ ಹಾಕ್ತಾಳ. ಮಕ್ಕಳ್ನ ನನ್ನ ತೊಡಿ ಮ್ಯಾಲ ಕುಂದರಸ್ತಾಳ. ಎಲ್ಲಾ ಮಾಡ್ತಾಳ್ರೀ. ಯಪ್ಪಾ ಅನ್ನಂಗಿಲ್ಲ."